ಸರ್ಕಾರಿ ಫಾರಂ ಎಂಬ ಕನ್ನಡಿಯೊಳಗಿನ ಗಂಟು

ಕಳ್ಳಂಬೆಳ್ಳದ ಜೆರಾಕ್ಸ್ ಅಂಗಡಿಯ ಮುಂದೆ ಸುದ್ದಿ ಸಿಗುತ್ತದೆ ಅಂತ ನಾವು ಅಲ್ಲಿ ನಿಲ್ಲುವುದಲ್ಲ. ನಮ್ಮ ವರದಿಗೆ ಬೇಕಾದ ಕಾಗದಗಳ ನಕಲು ತೆಗೆಸುವುದಕ್ಕೆ ಹೋದಾಗ ಅಲ್ಲೇ ಸುದ್ದಿ ನಿಂತಿರುತ್ತದೆ, ಅಷ್ಟೆ. ಈ ಸಲ ನಿಂತಿದ್ದವಳು ಹೋಬಳಿಯ ಒಂದು ಹಳ್ಳಿಯಿಂದ ಬಂದ ಪಿಯುಸಿ ಹುಡುಗಿ. ಕೈಯಲ್ಲಿ ಅಪ್ಪನ ಫೋನು. ಅಂಗಡಿಯವನ ಮುಂದೆ ಫೋನು ಹಿಡಿದು ಒಂದೇ ಮಾತನ್ನು ತಿರುಗಿ ತಿರುಗಿ ಹೇಳುತ್ತಿದ್ದಳು.

"ರಾತ್ರಿ ಇತ್ತಣ್ಣ. ಮೂರು ಪೇಜೂ ನೋಡಿದ್ದೀನಿ. ಈಗ ಇಲ್ಲ ಅಂತೈತೆ."

ಅಂಗಡಿಯವನಿಗೆ ಇದು ದಿನದ ಪಾಠ. "ಡೌನ್‌ಲೋಡ್ ಮಾಡ್ಕೊಂಡಿಲ್ಲಮ್ಮ ನೀನು, ಬರೀ ನೋಡಿದ್ದೀಯ ಅಷ್ಟೆ" ಅಂದ. ಹುಡುಗಿ ತಲೆ ತಗ್ಗಿಸಿದಳು. ಮೊಬೈಲ್ ಬಳಸುವುದಕ್ಕೆ ಬರದವಳು ಅಂತ ಸುತ್ತ ನಿಂತವರೂ ತೀರ್ಮಾನ ಮಾಡಿದರು.

ಆ ತೀರ್ಮಾನ ತಪ್ಪು ಅನ್ನುವುದಕ್ಕೇ ಈ ಬರಹ. ಹುಡುಗಿ ಮಾಡಬೇಕಾದ್ದನ್ನೆಲ್ಲ ಮಾಡಿದ್ದಳು. ಇಲಾಖೆಯ ಜಾಲತಾಣಕ್ಕೆ ಹೋಗಿದ್ದಳು, ವಿದ್ಯಾರ್ಥಿವೇತನದ ಅರ್ಜಿ ನಮೂನೆ ಹುಡುಕಿದ್ದಳು, "ಡೌನ್‌ಲೋಡ್" ಅಂತ ಬರೆದಿದ್ದ ಗುಂಡಿಯನ್ನೇ ಒತ್ತಿದ್ದಳು. ಗುಂಡಿಯ ಮೇಲೆ ಡೌನ್‌ಲೋಡ್ ಅಂತ ಬರೆದು ಒಳಗೆ "ಬರೀ ತೋರಿಸು" ಅಂತ ಹೇಳಿಕೊಟ್ಟವರು ಬೇರೆಯವರು. ಅವರು ಯಾವ ಜೆರಾಕ್ಸ್ ಅಂಗಡಿಯ ಮುಂದೆಯೂ ತಲೆ ತಗ್ಗಿಸಿ ನಿಲ್ಲುವುದಿಲ್ಲ.

ಆ ಹುಡುಗಿಗೆ ಏನೇನಾಯಿತು ಅನ್ನುವುದನ್ನು ಮೊದಲು ಹೇಳುತ್ತೇವೆ. ಯಾಕೆಂದರೆ ಇದು ಅವಳೊಬ್ಬಳ ಕತೆಯಲ್ಲ.

ಸೋಮವಾರ ರಾತ್ರಿ ಮನೆಯಲ್ಲಿ ಗುಂಡಿ ಒತ್ತಿದಳು. ಫಾರಂ ಪರದೆಯ ಮೇಲೆ ತೆರೆದುಕೊಂಡಿತು. ಮೂರು ಪುಟ, ಕೊನೆಯಲ್ಲಿ ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರಿನ ಜಾಗ. ಬಂತಲ್ಲ ಅಂತ ಫೋನು ಮಡಗಿ ಮಲಗಿದಳು. ಮಂಗಳವಾರ ಬೆಳಗ್ಗೆ ಅಂಗಡಿಗೆ ಬಂದು ಕ್ರೋಮ್ ತೆರೆದರೆ ಅದೇ ಟ್ಯಾಬ್ ಚಕ್ರ ತಿರುಗಿಸುತ್ತಾ ಕೂತಿತು, ಆಮೇಲೆ "ನಿಮ್ಮ ಅವಧಿ ಮುಗಿದಿದೆ" ಅಂತ ಇಂಗ್ಲಿಷಿನಲ್ಲಿ ಬಂತು. ಮನೆಗೆ ಹೋಗಿ ಮತ್ತೆ ಲಾಗಿನ್ ಆಗಿ, ಈ ಸಲ ಜಾಣತನದಿಂದ ಮೂರು ಪುಟಕ್ಕೂ ಸ್ಕ್ರೀನ್‌ಶಾಟ್ ಹೊಡೆದಳು. ಅಂಗಡಿಯವನು ಅದನ್ನೇ ಪ್ರಿಂಟ್ ಹಾಕಿಕೊಟ್ಟ. ಬುಧವಾರ ಕಚೇರಿಯಲ್ಲಿ ಅರ್ಜಿ ವಾಪಸ್ಸು. ಎರಡನೇ ಪುಟದ ಕೆಳಗಿನ ಎರಡು ಸಾಲು ಪರದೆಯಾಚೆ ಉಳಿದುಕೊಂಡಿದ್ದವು, ಸಣ್ಣ ಅಕ್ಷರಗಳು ಕಲಸಿಹೋಗಿದ್ದವು. "ನಮೂನೆ ಪೂರ್ತಿ ಇಲ್ಲ" ಅಂದರಂತೆ. ನಾವು ಅವಳನ್ನು ಕಂಡಿದ್ದು ಗುರುವಾರ. ಅಷ್ಟರಲ್ಲಿ ಮೂರು ಸಲದ ಬಸ್ಸು, ಎರಡು ದಿನದ ಕಾಲೇಜು, ಆರು ಹಾಳೆಯ ಪ್ರಿಂಟು ಕಳೆದಿತ್ತು. ಇಷ್ಟೆಲ್ಲ ಖಾಲಿ ಫಾರಂಗೆ. ತುಂಬುವ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ.

ಅವಳು ಹೇಳಿದ ಇನ್ನೊಂದು ಮಾತು ನಮಗೆ ಮುಖ್ಯ ಅನಿಸಿತು. "ನಮ್ಮಕ್ಕ ಹೋದ ಸಲ ಇದೇ ಗುಂಡಿ ಒತ್ತಿದಾಗ ಫೈಲ್ ಸೀದಾ ಫೋನಿಗೇ ಬಂದಿತ್ತಣ್ಣ." ಅದೇ ಜಾಲತಾಣ, ಅದೇ ಗುಂಡಿ. ಅಕ್ಕನಿಗೆ ಬಂದಿದ್ದು ತಂಗಿಗೆ ಯಾಕೆ ಬರಲಿಲ್ಲ?

ಒಂದು ಸಾಲಿನ ಕತೆ

ನೀವು ಲಿಂಕ್ ಒತ್ತಿದಾಗ ಸರ್ಕಾರದ ಸರ್ವರ್ ಬರೀ ಫೈಲನ್ನು ಕಳಿಸುವುದಿಲ್ಲ. ಫೈಲಿನ ಮುಂದೆ ಕೆಲವು ಸಾಲುಗಳ ಚೀಟಿಯೊಂದನ್ನು ಕಳಿಸುತ್ತದೆ. ಇದಕ್ಕೆ ಹೆಡರ್ ಅಂತ ಹೆಸರು. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಬ್ರೌಸರ್ ಮಾತ್ರ ಓದಿಕೊಳ್ಳುತ್ತದೆ. ಅದರಲ್ಲಿ ನಮಗೆ ಬೇಕಾದ ಸಾಲು ಎರಡು.

```
Content-Type: application/pdf
Content-Disposition: inline
```

ಮೊದಲನೆಯದು "ಇದು ಪಿಡಿಎಫ್" ಅನ್ನುತ್ತದೆ. ಎರಡನೆಯದು "ಇದನ್ನು ಇಲ್ಲೇ ತೆರೆದು ತೋರಿಸು" ಅನ್ನುತ್ತದೆ. ಎರಡನೆಯ ಸಾಲನ್ನು ಬರೆಯದೇ ಬಿಟ್ಟರೂ ಅದರ ಅರ್ಥ ಇದೇ: ನಿನಗೆ ತೋರಿಸಲು ಬಂದರೆ ತೋರಿಸು, ಬರದಿದ್ದರೆ ಉಳಿಸು. ಬಹಳಷ್ಟು ಜಾಲತಾಣಗಳಲ್ಲಿ ಆಗಿರುವುದು ಇದು. ಯಾರೂ ಕೂತು ಯೋಚಿಸಿ "ಜನರಿಗೆ ಫೈಲ್ ಕೊಡಬೇಡಿ" ಅಂತ ಬರೆದದ್ದಲ್ಲ. ಯಾರೂ ಏನೂ ಬರೆಯಲಿಲ್ಲ, ಅಷ್ಟೆ.

ಅಕ್ಕ ತಂಗಿಯರ ಒಗಟು ಬಿಡಿಸಿಕೊಳ್ಳುವುದೂ ಇಲ್ಲೇ. ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಬಹಳ ವರ್ಷ ಪಿಡಿಎಫ್ ತೋರಿಸುವುದಕ್ಕೆ ಬರುತ್ತಿರಲಿಲ್ಲ. ತೋರಿಸಲು ಬರದ್ದರಿಂದ ಸಿಕ್ಕ ಪಿಡಿಎಫ್ಫನ್ನೆಲ್ಲ ಡೌನ್‌ಲೋಡ್ಸ್‌ಗೆ ಹಾಕಿ ಕೈತೊಳೆದುಕೊಳ್ಳುತ್ತಿತ್ತು. ಅಕ್ಕನಿಗೆ ಫೈಲ್ ಸಿಕ್ಕಿದ್ದು ಇಲಾಖೆಯ ಪುಣ್ಯದಿಂದಲ್ಲ, ಬ್ರೌಸರಿನ ಕೈಲಾಗದತನದಿಂದ. ಇತ್ತೀಚಿನ ಆವೃತ್ತಿಗಳಲ್ಲಿ ಕ್ರೋಮ್ ತಾನೇ ಪಿಡಿಎಫ್ ತೆರೆದು ತೋರಿಸುವುದನ್ನು ಕಲಿತಿದೆ. ಫೋನಿನಲ್ಲಿ ಆ್ಯಪ್‌ಗಳು ತಮ್ಮಷ್ಟಕ್ಕೇ ಅಪ್‌ಡೇಟ್ ಆಗುತ್ತವೆ. ಜಾಲತಾಣದಲ್ಲಿ ಯಾರೂ ಏನೂ ಬದಲಾಯಿಸದೆಯೂ ಒಂದು ದಿನ ಫೈಲ್ ಬರುವುದು ನಿಂತುಹೋಯಿತು. ಐಫೋನಿನ ಸಫಾರಿಯಂತೂ ಮೊದಲಿನಿಂದಲೂ ತೋರಿಸುವ ಗುಂಪಿಗೇ ಸೇರಿದ್ದು.

ತೋರಿಸಿದರೆ ನಷ್ಟವೇನು ಅಂತ ಕೇಳಬಹುದು. ಟ್ಯಾಬಿನಲ್ಲಿ ಕಾಣುವ ಫಾರಂ ನಿಮ್ಮ ಫೈಲ್ ಅಲ್ಲ. ಅದು ತಾತ್ಕಾಲಿಕ ಜಾಗದಲ್ಲಿ ಇಟ್ಟುಕೊಂಡ ಪ್ರತಿ. ಕಡಿಮೆ ರ‍್ಯಾಮ್ ಇರುವ ಫೋನಿನಲ್ಲಿ ನೀವು ವಾಟ್ಸಾಪ್, ಕ್ಯಾಮೆರಾ ಅಂತ ನಾಲ್ಕು ಆ್ಯಪ್ ತೆರೆದರೆ, ಜಾಗ ಸಾಲದೆ ಫೋನು ಹಿಂದಿನ ಟ್ಯಾಬನ್ನು ಖಾಲಿ ಮಾಡುತ್ತದೆ. ಟ್ಯಾಬಿನ ಹೆಸರು ಮಾತ್ರ ಉಳಿದಿರುತ್ತದೆ, ಹೊಟ್ಟೆ ಬರಿದಾಗಿರುತ್ತದೆ. ಮತ್ತೆ ಅದನ್ನು ತೆರೆದಾಗ ಬ್ರೌಸರ್ ಸರ್ವರ್ ಹತ್ತಿರ ಹೋಗಿ ಮತ್ತೊಮ್ಮೆ ಕೇಳುತ್ತದೆ. ಅಷ್ಟರಲ್ಲಿ ಲಾಗಿನ್ ಅವಧಿ ಮುಗಿದಿದ್ದರೆ ಸರ್ವರ್ ಬಾಗಿಲು ಹಾಕಿಕೊಳ್ಳುತ್ತದೆ. ಹುಡುಗಿ ಸೋಮವಾರ ರಾತ್ರಿ ನೋಡಿದ್ದು ಕನ್ನಡಿಯೊಳಗಿನ ಗಂಟು. ಬೆಳಗ್ಗೆ ಕನ್ನಡಿ ಇತ್ತು, ಗಂಟು ಇರಲಿಲ್ಲ.

ಫೋನಿನಲ್ಲಿ ನಾವು ಮಾಡಿದ್ದು

ಇಲಾಖೆ ಸರಿಪಡಿಸುವವರೆಗೆ ಅರ್ಜಿಯ ಕೊನೆಯ ದಿನ ಕಾಯುವುದಿಲ್ಲ. ಆದ್ದರಿಂದ ಜಗಳ ಆಮೇಲೆ, ಫಾರಂ ಮೊದಲು.

ಹುಡುಗಿಯ ಫೋನಿನಲ್ಲಿ ಮತ್ತೆ ಲಾಗಿನ್ ಆಗಿ ಮೊದಲು ಗುಂಡಿಯನ್ನು ಒತ್ತದೆ, ಬೆರಳನ್ನು ಅದರ ಮೇಲೆ ಒಂದೆರಡು ಕ್ಷಣ ಊರಿ ಹಿಡಿದೆವು. ಅದು ನಿಜವಾದ ಲಿಂಕ್ ಆಗಿದ್ದರೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ `Download link` ಅಂತ ಇರುತ್ತದೆ. ಅದನ್ನು ಒತ್ತಿದರೆ ತೋರಿಸುವ ಮಾತೇ ಇಲ್ಲ, ಫೈಲ್ ಸೀದಾ ಡೌನ್‌ಲೋಡ್ಸ್‌ಗೆ ಹೋಗುತ್ತದೆ. ಎಲ್ಲಕ್ಕಿಂತ ಸುಲಭದ ದಾರಿ ಇದೇ, ಮೊದಲು ಇದನ್ನೇ ನೋಡಿ.

ಅವಳ ಫೋನಿನಲ್ಲಿ ಪಟ್ಟಿ ಬರಲಿಲ್ಲ. ಅಂದರೆ ಅದು ಲಿಂಕ್ ಅಲ್ಲ, ಲಿಂಕಿನ ವೇಷ ಹಾಕಿದ ಗುಂಡಿ. ಹೀಗಿದ್ದಾಗ ಬೇರೆ ದಾರಿಯಿಲ್ಲ, ಒತ್ತಿ ತೆರೆಯಬೇಕು. ಫಾರಂ ಪರದೆಗೆ ಬಂದ ಕೂಡಲೇ, ಬೇರೆ ಯಾವ ಆ್ಯಪಿಗೂ ಹೋಗದೆ, ಮೇಲೆ ಬಲಗಡೆಯ ಮೂರು ಚುಕ್ಕಿ ಒತ್ತಿದೆವು. ತೆರೆದ ಪಟ್ಟಿಯ ನೆತ್ತಿಯ ಮೇಲೆ ಸಣ್ಣ ಚಿತ್ರಗಳ ಸಾಲಿರುತ್ತದೆ. ಅದರಲ್ಲಿ ಒಂದು ಗೆರೆಯ ಕಡೆಗೆ ಇಳಿಯುವ ಬಾಣ. ಅದೇ ಡೌನ್‌ಲೋಡ್. ಅಕ್ಷರವಿಲ್ಲ, ಬರೀ ಚಿತ್ರ. ಬಹಳ ಜನ ಇದನ್ನು ದಾಟಿ ಕೆಳಗಿನ ಹೆಸರುಗಳನ್ನು ಓದುತ್ತಾ ಹೋಗಿ "ಇಲ್ಲಿ ಡೌನ್‌ಲೋಡ್ ಇಲ್ಲ" ಅಂತ ವಾಪಸ್ಸಾಗುತ್ತಾರೆ. ಬಾಣ ಒತ್ತಿದೆವು, ಫೈಲ್ ಬಂತು.

ಐಫೋನ್ ಇದ್ದವರು ಸಫಾರಿಯಲ್ಲಿ ಚೌಕದಿಂದ ಮೇಲಕ್ಕೆ ಹೊರಡುವ ಬಾಣದ ಗುರುತನ್ನು ಒತ್ತಿ, ಪಟ್ಟಿಯನ್ನು ಮೇಲಕ್ಕೆ ಸರಿಸಿ `Save to Files` ಆರಿಸಬೇಕು. ಫೇಸ್‌ಬುಕ್‌ನಂಥ ಆ್ಯಪ್ ಒಳಗಿನಿಂದಲೇ ಲಿಂಕ್ ಒತ್ತಿದ್ದರೆ ಅದು ತನ್ನದೇ ಒಳಬ್ರೌಸರಿನಲ್ಲಿ ತೆರೆಯುತ್ತದೆ, ಅಲ್ಲಿ ಉಳಿಸುವ ದಾರಿ ಎಷ್ಟೋ ಸಲ ಇರುವುದೇ ಇಲ್ಲ. ಅಲ್ಲಿಯೂ ಮೂರು ಚುಕ್ಕಿ ಒತ್ತಿ ಹೊರಗಿನ ಬ್ರೌಸರಿಗೆ ಕಳಿಸಿ, ಆಮೇಲೆ ಮೇಲೆ ಹೇಳಿದಂತೆ ಮಾಡಿ.

ಈಗ ಮುಖ್ಯವಾದ ಕೆಲಸ. ಬಂತು ಅಂತ ಫೋನು ಮಡಗಬೇಡಿ, ಪರೀಕ್ಷೆ ಮಾಡಿ. ಮೊಬೈಲ್ ಡೇಟಾ ಮತ್ತು ವೈಫೈ ಎರಡನ್ನೂ ಆಫ್ ಮಾಡಿ. ಕ್ರೋಮ್ ಬಿಟ್ಟು ಫೋನಿನ ಫೈಲ್ಸ್ ಆ್ಯಪಿಗೆ ಹೋಗಿ, ಡೌನ್‌ಲೋಡ್ಸ್ ತೆರೆಯಿರಿ, ಫಾರಂ ಒತ್ತಿ, ಕೊನೆಯ ಪುಟದವರೆಗೆ ಸರಿಸಿ. ಡೇಟಾ ಇಲ್ಲದೆಯೂ ಕೊನೆಯ ಪುಟ ಕಂಡರೆ ಫಾರಂ ನಿಮ್ಮದಾಯಿತು. ಕಾಣದಿದ್ದರೆ ಇನ್ನೂ ಸರ್ಕಾರದ್ದೇ.

ಈ ಪರೀಕ್ಷೆಯಲ್ಲಿ ಎರಡು ಮೋಸ ಸಿಕ್ಕಿಬೀಳುತ್ತವೆ. ಒಂದು, ಫೈಲ್ ಬಂದಿರುತ್ತದೆ, ಆದರೆ ಹೆಸರಿನ ಕೊನೆಯಲ್ಲಿ `.html` ಅಂತಿರುತ್ತದೆ, ಗಾತ್ರ ಕೆಲವೇ ಕೆಬಿ ಇರುತ್ತದೆ. ಅದು ಫಾರಂ ಅಲ್ಲ. ಅವಧಿ ಮುಗಿದಿದ್ದರಿಂದ ಸರ್ವರ್ ಕಳಿಸಿದ ಲಾಗಿನ್ ಪುಟವೇ ಫೈಲಾಗಿ ಉಳಿದಿದೆ. ಅಳಿಸಿ, ಹೊಸದಾಗಿ ಲಾಗಿನ್ ಆಗಿ ಮತ್ತೆ ಉಳಿಸಿ. ಎರಡು, ಹೆಸರಿನ ಕೊನೆಯಲ್ಲಿ `.aspx` ಅಂತಲೋ ಇನ್ನೇನೋ ಇದ್ದು, ಯಾವ ಆ್ಯಪಿನಲ್ಲೂ ತೆರೆಯುವುದಿಲ್ಲ. ಇಲ್ಲಿ ಎಷ್ಟೋ ಸಲ ಒಳಗಿರುವುದು ಸರಿಯಾದ ಪಿಡಿಎಫ್ಫೇ, ಸರ್ವರ್ ಹೆಸರಿಡುವುದನ್ನು ಮರೆತಿರುತ್ತದೆ. ಫೈಲ್ಸ್ ಆ್ಯಪಿನಲ್ಲಿ ಅದರ ಹೆಸರು ಬದಲಿಸಿ ಕೊನೆಗೆ `.pdf` ಹಾಕಿ ನೋಡಿ.

ಅಂಗಡಿಗೆ ಕೊಡುವಾಗ ಲಿಂಕ್ ಕಳಿಸಬೇಡಿ. ಲಾಗಿನ್ ಇರುವುದು ನಿಮ್ಮ ಫೋನಿನಲ್ಲಿ, ಅಂಗಡಿಯವನ ಕಂಪ್ಯೂಟರಿನಲ್ಲಿ ಅದೇ ಲಿಂಕ್ ಬಾಗಿಲಾಚೆ ನಿಲ್ಲಿಸುತ್ತದೆ. ಫೈಲನ್ನೇ ಕಳಿಸಿ, ವಾಟ್ಸಾಪಿನಲ್ಲಾದರೆ `Document` ಅಂತ ಆರಿಸಿ ಕಳಿಸಿ. ಸ್ಕ್ರೀನ್‌ಶಾಟನ್ನು ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ, ಹುಡುಗಿಯ ಸಣ್ಣ ಅಕ್ಷರಗಳು ಕಲಸಿಹೋದದ್ದು ಹಾಗೆ.

"ಡಿಫಾಲ್ಟ್ ಆ್ಯಪ್ ಕ್ಲಿಯರ್ ಮಾಡಿ" ಅನ್ನುವ ಸಲಹೆಯೂ ಊರಲ್ಲಿ ಓಡಾಡುತ್ತಿದೆ. ಅದು ಈ ರೋಗದ ಮದ್ದಲ್ಲ. ಈಗಾಗಲೇ ಉಳಿದಿರುವ ಫೈಲನ್ನು ಯಾವ ಆ್ಯಪ್ ತೆರೆಯಬೇಕು ಅನ್ನುವುದನ್ನಷ್ಟೇ ಆ ಸೆಟ್ಟಿಂಗ್ ತೀರ್ಮಾನಿಸುತ್ತದೆ. ಪಿಡಿಎಫ್ ಡೌನ್‌ಲೋಡರ್ ಅಂತ ಹೊಸ ಆ್ಯಪ್ ಹಾಕಿಕೊಳ್ಳುವುದೂ ಬೇಡ. ಬಾಣ ನಿಮ್ಮ ಬ್ರೌಸರಿನಲ್ಲೇ ಇದೆ, ಜಾಹೀರಾತು ತುಂಬಿದ ಇನ್ನೊಂದು ಆ್ಯಪಿಗೆ ಫೋನಿನ ಬೀಗದ ಕೈ ಕೊಡುವ ಅಗತ್ಯವಿಲ್ಲ.

ಇನ್ನು ಜಗಳ

ಇಷ್ಟು ಹೇಳಿದ ಮೇಲೆ ಕೆಲವರು ಅನ್ನುತ್ತಾರೆ: "ನೋಡಿ, ದಾರಿ ಇದೆಯಲ್ಲ, ಜನಕ್ಕೆ ಕಲಿಸಿ." ನಾವು ಕಲಿಸುತ್ತಿದ್ದೇವೆ, ಮೇಲೆ ಬರೆದದ್ದೆಲ್ಲ ಅದೇ. ಆದರೆ ಲೆಕ್ಕ ನೋಡಿ. ಫೋನಿನ ಕಡೆಯಿಂದ ಸರಿಪಡಿಸಬೇಕಾದರೆ ಬೆರಳು ಊರುವುದು, ಮೂರು ಚುಕ್ಕಿ, ಹೆಸರಿಲ್ಲದ ಬಾಣ, ಡೇಟಾ ಆಫ್ ಮಾಡಿ ಪರೀಕ್ಷೆ, ಹೆಸರು ಬದಲಿಸುವುದು, ಇಷ್ಟನ್ನೂ ಅರ್ಜಿ ಹಾಕುವ ಪ್ರತಿಯೊಬ್ಬರೂ ಕಲಿಯಬೇಕು. ಸರ್ವರ್ ಕಡೆಯಿಂದ ಸರಿಪಡಿಸಬೇಕಾದರೆ ಒಬ್ಬರು ಒಂದು ಸಲ ಒಂದು ಸಾಲು ಬರೆದರೆ ಸಾಕು.

```
Content-Disposition: attachment; filename="arji-namune.pdf"
```

`attachment` ಅಂದರೆ "ಉಳಿಸು" ಅಂತ ಅರ್ಥ. ಜತೆಗೆ ಹೆಸರೂ ಕೊಟ್ಟಿರುವುದರಿಂದ `.aspx` ಗೋಜಲೂ ಇಲ್ಲ. ಅಕ್ಕನ ಹಳೇ ಕ್ರೋಮ್ ಆಗಲಿ ತಂಗಿಯ ಹೊಸ ಕ್ರೋಮ್ ಆಗಲಿ, ಫೈಲ್ ಬಂದೇ ಬರುತ್ತದೆ. ಇದೇನು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ವೆಬ್‌ನಲ್ಲಿ ಈ ಸಾಲನ್ನು ಹೇಗೆ ಬಳಸಬೇಕು ಅಂತ ಹೇಳುವ ಆರ್‌ಎಫ್‌ಸಿ 6266 ಎಂಬ ಮಾನದಂಡ ಪ್ರಕಟವಾಗಿದ್ದು 2011ರಲ್ಲಿ.

ಸರ್ವರ್ ಮುಟ್ಟುವ ಅಧಿಕಾರ ನಮಗಿಲ್ಲ, ಪುಟ ತಿದ್ದುವುದಷ್ಟೇ ನಮ್ಮ ಕೆಲಸ ಅನ್ನುವ ಸಿಬ್ಬಂದಿಗೂ ದಾರಿಯಿದೆ. ಪುಟದೊಳಗಿನ ಲಿಂಕಿಗೆ ಒಂದು ಪದ ಸೇರಿಸಬೇಕು.

```
<a href="/forms/arji.pdf" download>ಫಾರಂ ಉಳಿಸಿ</a>
```

ಇದಕ್ಕೊಂದು ಮಿತಿ ಇದೆ. ಪುಟ ಮತ್ತು ಫೈಲ್ ಎರಡೂ ಒಂದೇ ಜಾಲತಾಣದ ವಿಳಾಸದಲ್ಲಿರಬೇಕು. ಪುಟ ಒಂದು ಕಡೆ, ಫೈಲ್ ಇನ್ನೊಂದು ವಿಳಾಸದಲ್ಲಿ ಇದ್ದರೆ ಬ್ರೌಸರ್ ಆ ಪದವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆಗ ಸರ್ವರಿನ ಸಾಲೇ ಗತಿ.

ಎಲ್ಲ ಪಿಡಿಎಫ್ಫನ್ನೂ ಬಲವಂತವಾಗಿ ಫೋನಿಗೆ ಇಳಿಸಿ ಅಂತ ನಾವು ಕೇಳುತ್ತಿಲ್ಲ. ಸುತ್ತೋಲೆಯನ್ನೋ ಫಲಾನುಭವಿಗಳ ಪಟ್ಟಿಯನ್ನೋ ಒಮ್ಮೆ ಓದಿ ಬಿಡುವವರಿಗೆ ಪರದೆಯಲ್ಲೇ ತೆರೆಯುವುದು ಅನುಕೂಲ, ತುಂಬಿದ ಫೋನಿಗೆ ಇನ್ನೊಂದು ಫೈಲ್ ಹೊರೆ. ಆದರೆ ಖಾಲಿ ಅರ್ಜಿ ನಮೂನೆಯನ್ನು ಯಾರೂ ಓದಿ ಆನಂದಿಸುವುದಕ್ಕೆ ತೆರೆಯುವುದಿಲ್ಲ. ಅದು ಪ್ರಿಂಟ್ ಆಗಬೇಕು, ತುಂಬಬೇಕು, ಸಹಿ ಮೊಹರು ಬೀಳಬೇಕು. ಓದುವುದಕ್ಕೆ ಇರುವುದನ್ನು ತೋರಿಸಿ, ತುಂಬುವುದಕ್ಕೆ ಇರುವುದನ್ನು ಕೊಡಿ. ಎರಡೂ ಬೇಕೆಂದರೆ "ನೋಡಿ" ಅಂತೊಂದು, "ಉಳಿಸಿ" ಅಂತೊಂದು ಗುಂಡಿ ಪಕ್ಕಪಕ್ಕ ಇಡಿ.

ಜಾಲತಾಣ ಹೇಗಿರಬೇಕು ಅಂತ ಭಾರತ ಸರ್ಕಾರವೇ ಮಾರ್ಗಸೂಚಿ ಮಾಡಿಕೊಂಡಿದೆ. 2009ರಲ್ಲಿ ಮೊದಲ ಸಲ ಬಂದ ಅದರ ಹೆಸರು ಜಿಐಜಿಡಬ್ಲ್ಯು. ಇಳಿಸಿಕೊಳ್ಳುವ ಫೈಲಿನ ಬಗೆ ಯಾವುದು, ಗಾತ್ರ ಎಷ್ಟು ಅನ್ನುವುದನ್ನು ಲಿಂಕಿನ ಜತೆಗೇ ತಿಳಿಸಬೇಕು ಅನ್ನುವುದು ಅದರಲ್ಲಿದೆ. ಗಾತ್ರ ಬರೆದಿದ್ದರೆ ಹುಡುಗಿಗೆ ತನ್ನ ಹತ್ತಿರ ಇರುವುದು ಫಾರಮ್ಮೋ ಲಾಗಿನ್ ಪುಟವೋ ಅನ್ನುವುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ನಾವು ನೋಡಿದ ಪುಟದಲ್ಲಿ ಗಾತ್ರವೂ ಇರಲಿಲ್ಲ, ಬಗೆಯೂ ಇರಲಿಲ್ಲ. ಮಿನುಗುವ "ಹೊಸದು" ಅನ್ನುವ ಚಿತ್ರ ಮಾತ್ರ ಇತ್ತು.

ಇನ್ನೊಂದು ಮಾತು ನಮ್ಮನ್ನು ಹೆಚ್ಚು ಕಾಡುತ್ತದೆ. ಸೇವೆ ತಡವಾಗಬಾರದು ಅಂತಲೇ ಕರ್ನಾಟಕದಲ್ಲಿ ಸಕಾಲ ಕಾಯ್ದೆ ಇದೆ, 2011ರದ್ದು. ಅದರ ವ್ಯಾಪ್ತಿಯ ಸೇವೆಗಳಿಗೆ ಇಂತಿಷ್ಟು ದಿನ ಅಂತ ಗಡುವು. ಆದರೆ ಆ ದಿನಗಳ ಎಣಿಕೆ ಶುರುವಾಗುವುದು ಅರ್ಜಿಯನ್ನು ತೆಗೆದುಕೊಂಡು ಸ್ವೀಕೃತಿ ಕೊಟ್ಟ ಮೇಲೆ. ಅರ್ಜಿ ನಮೂನೆ ಕೈಗೆ ಸಿಗದೆ ಹಾಳಾದ ದಿನಗಳು ಯಾವ ರಿಜಿಸ್ಟರಿನಲ್ಲೂ ಇಲ್ಲ. ಸೋಮವಾರದಿಂದ ಗುರುವಾರದವರೆಗೆ ಈ ಹುಡುಗಿ ಓಡಾಡಿದ್ದು ಸರ್ಕಾರದ ಪಾಲಿಗೆ ನಡೆದೇ ಇಲ್ಲ. ಅವರ ಲೆಕ್ಕದಲ್ಲಿ ಫಾರಂ "ಆನ್‌ಲೈನಿನಲ್ಲಿ ಲಭ್ಯ". ಜಾಲತಾಣಕ್ಕೆ ಭೇಟಿ ಕೊಟ್ಟವರ ಎಣಿಕೆಯಲ್ಲಿ ಅವಳ ಮೂರು ಸಲದ ಪರದಾಟ ಮೂರು ಭೇಟಿ ಅಂತ ಸೇರಿ ಶೋಭೆಯನ್ನೂ ತಂದಿರಬಹುದು.

ಹಾಗಾಗಿ ಹೋಬಳಿಯ ಗೆಳೆಯರಿಗೆ ನಮ್ಮದೊಂದು ಕೋರಿಕೆ. ಫಾರಂ ಪರದೆಯಲ್ಲೇ ತೆರೆದುಕೊಂಡು ಕೈಗೆ ಸಿಗದಿದ್ದರೆ ಬಾಣ ಒತ್ತಿ ನಿಮ್ಮ ಕೆಲಸ ಮುಗಿಸಿಕೊಳ್ಳಿ, ಆದರೆ ಅಲ್ಲಿಗೆ ಬಿಡಬೇಡಿ. "ನಿಮ್ಮ ಸೈಟ್ ಸರಿ ಇಲ್ಲ" ಅಂತ ದೂರು ಕೊಟ್ಟರೆ "ನಮ್ಮಲ್ಲಿ ಸರಿಯಾಗಿ ತೆರೆಯುತ್ತಿದೆ" ಅಂತ ಉತ್ತರ ಬರುತ್ತದೆ, ತೆರೆಯುವುದೇ ಇಲ್ಲಿನ ದೂರು ಅನ್ನುವುದು ಅವರಿಗೆ ಹೊಳೆಯುವುದಿಲ್ಲ. ಆದ್ದರಿಂದ ಪುಟದ ವಿಳಾಸ, ಗುಂಡಿಯ ಹೆಸರು, ಒತ್ತಿದ ದಿನ ಬರೆದು, ಕೆಳಗೆ ಇಷ್ಟೇ ಬರೆಯಿರಿ: "ಈ ಫಾರಂ ಉಳಿಯುತ್ತಿಲ್ಲ, ಬರೀ ತೆರೆಯುತ್ತಿದೆ. ಇದಕ್ಕೆ `Content-Disposition: attachment` ಸಾಲು ಸೇರಿಸಿ, ಫೈಲಿನ ಗಾತ್ರ ನಮೂದಿಸಿ." ಜಾಲತಾಣದ ಕೆಳಗಿರುವ ಸಂಪರ್ಕ ವಿಳಾಸಕ್ಕೆ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಏನು ಮಾಡಬೇಕು ಅಂತ ಒಂದೇ ಸಾಲಿನಲ್ಲಿ ಬರೆದ ದೂರನ್ನು "ಪರಿಶೀಲಿಸಲಾಗುವುದು" ಅಂತ ತಳ್ಳುವುದು ಸ್ವಲ್ಪ ಕಷ್ಟ. ನಾವು ಆ ಗುರುವಾರವೇ ಒಂದು ಕಳಿಸಿದ್ದೇವೆ.

ಹುಡುಗಿಯ ಫಾರಂ ಶುಕ್ರವಾರ ಸಲ್ಲಿಕೆಯಾಯಿತು. ಶನಿವಾರ ಅದೇ ಅಂಗಡಿಗೆ ಹೋದಾಗ ಇನ್ನೊಬ್ಬ ಹುಡುಗ ಫೋನು ಹಿಡಿದು ನಿಂತಿದ್ದ. "ರಾತ್ರಿ ಇತ್ತಣ್ಣ" ಅನ್ನುತ್ತಿದ್ದ.